ಅಜ್ಜಿ ಓರೆ ಹಿಡಿದ ಫೋಟೊ

ನಮ್ಮ ಮನೆಯಲ್ಲಿ ಯಾವ ಕಾಗದವೂ ನೆಟ್ಟಗೆ ಓದಿಸಿಕೊಂಡದ್ದಿಲ್ಲ. ಲೈಟ್ ಬಿಲ್ ಬರಲಿ, ಲಗ್ನಪತ್ರಿಕೆ ಬರಲಿ, ಗುಳಿಗೆಯ ಪಟ್ಟಿಯ ಬೆನ್ನಿನ ಅಕ್ಷರವೇ ಇರಲಿ, ನಮ್ಮಜ್ಜಿ ಅದನ್ನು ಮೊದಲು ಬಾಲ್ಕನಿಗೆ ಒಯ್ಯುತ್ತಾಳೆ. ಅಲ್ಲಿ ಬೆಳಕಿಗೆ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡುತ್ತಾಳೆ. ನಾವಿರುವುದು ಮುಂಬಯಿಯ ವಿಲೆ ಪಾರ್ಲೆಯ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಎದುರು ಬಿಲ್ಡಿಂಗಿನವರು ಬಹಳ ವರ್ಷ ಅಜ್ಜಿ ತಮಗೇನೋ ಸನ್ನೆ ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದರಂತೆ. ಈಚೆಗೆ ಪವಾಯಿಯ ನನ್ನ ಆಫೀಸಿನಲ್ಲಿ ಯಾವುದೋ ಫಾರಂ ಕೈಗೆ ಕೊಟ್ಟರು. ನಾನು ಅದನ್ನು ಕಿಟಕಿಯ ಬಳಿ ಒಯ್ದು ಓರೆ ಮಾಡಿದೆ. ನಲವತ್ತು ದಾಟಿದ ಮೇಲೆ ಮನುಷ್ಯ ತನ್ನ ಅಜ್ಜಿಯೇ ಆಗುತ್ತಾನೆ ಎಂದು ಯಾರೂ ನನಗೆ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ.

ಈ ಓರೆ ಮಾಡುವ ಚಟದ ಮೂಲ ಒಂದು ಫೋಟೊ. ಅಜ್ಜಿಯ ಮದುವೆಯದು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಿರಬಹುದು, ಅಷ್ಟೇ. ಅದನ್ನು ಅಜ್ಜಿ ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಕನ್ನಡಕ ಮಾತ್ರ ಡಬ್ಬಿಯಿಲ್ಲದೆ ಸೋಫಾದ ಸಂದಿ, ತರಕಾರಿ ಬುಟ್ಟಿ, ಒಮ್ಮೊಮ್ಮೆ ಅಕ್ಕಿ ಡಬ್ಬದೊಳಗೆಲ್ಲ ಸಂಚಾರ ಮಾಡುತ್ತಿರುತ್ತದೆ. ಚಿಕ್ಕಂದಿನಲ್ಲಿ ಕೈ ತೊಳೆದುಕೊಂಡು ಬಂದರೆ ಮಾತ್ರ ನನಗೆ ಅದರ ದರ್ಶನ. ನಾನು ಅದನ್ನು ಸ್ಟಾಂಪು ಎನ್ನುತ್ತಿದ್ದೆ. ತಾತ ಆಗ ಇದ್ದರು. "ಹೂಂ, ಅರ್ಧ ಟಿಕೆಟ್ ಮದುವೆ ನಮ್ಮದು, ಅದಕ್ಕೆ ಅಷ್ಟೇ ಬಂದಿದೆ" ಎನ್ನುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ. ಫೋಟೊವನ್ನು ಕಿತ್ತುಕೊಂಡು, ಬೆಳಕಿಗೆ ಒಮ್ಮೆ ಓರೆ ಮಾಡಿ ನೋಡಿ, ಡಬ್ಬಿ ಟಪ್ ಎಂದು ಮುಚ್ಚುತ್ತಿದ್ದಳು.

ಹೋದ ವರ್ಷ ಕಣ್ಣಿನ ಡಾಕ್ಟರು ಅಜ್ಜಿಗೆ ಒಂದು ಮಾತು ಹೇಳಿದರು. ಪೊರೆ ತೆಗೆದಾಗಿದೆ, ಅದರಿಂದ ತೊಂದರೆಯಿಲ್ಲ. ಆದರೆ ಕಣ್ಣಿನ ನಡುಭಾಗ ನಿಧಾನವಾಗಿ ಮಸುಕಾಗುತ್ತಿದೆ, ಅಂಚಿನ ನೋಟ ಉಳಿಯುತ್ತದೆ, ಸಣ್ಣದು ಇನ್ನು ಕಾಣುವುದು ಕಷ್ಟ. ಅಜ್ಜಿ ಮನೆಗೆ ಬಂದವಳೇ ಕನ್ನಡಕದ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟಳು.

"ಇದನ್ನ ದೊಡ್ಡದು ಮಾಡ್ಸೋ. ಕಣ್ಣು ಪೂರ್ತಿ ಹೋಗೋದ್ರೊಳಗೆ ಎಲ್ಲರನ್ನೂ ಒಂದ್ಸಲ ಸರಿಯಾಗಿ ನೋಡ್ಬಿಡ್ತೀನಿ."

"ಎಲ್ಲರೂ ಯಾರಜ್ಜಿ? ಇರೋದೇ ಇಬ್ಬರು. ಜೊತೆಗೆ ಅರ್ಧ ಪುರೋಹಿತರು."

ಅದು ನಿಜ. ಫೋಟೊದ ಎಡ ಅಂಚಿನಲ್ಲಿ ಪುರೋಹಿತರ ಅರ್ಧ ಹೊಟ್ಟೆ ಮಾತ್ರ ಬಿದ್ದಿತ್ತು. ಅಜ್ಜಿ ಡಬ್ಬಿಯನ್ನು ನನ್ನ ಮಡಿಲಲ್ಲೇ ಇನ್ನಷ್ಟು ಒಳಕ್ಕೆ ಸರಿಸಿದಳು. "ಜೋಪಾನ ಕಣೋ, ಇದೊಂದೇ ಇರೋದು" ಎಂದಳು.

ಫೋಟೊ ಎಂದರೆ ಈಗ ಎಲ್ಲರೂ ಪಂಡಿತರೇ ತಾನೆ? ನಾನು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಹಳೆಯ ಫೋಟೊ ಹೊಸದು ಮಾಡಿಕೊಡುವ ಒಂದು ಆ್ಯಪಿಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಬಣ್ಣ ಬಣ್ಣದ ಮದುವೆ ಬಂತು. ತಾತನ ಮೀಸೆ ಎರಡೂ ಕಡೆ ಅಳೆದ ಹಾಗೆ ಸಮನಾಗಿತ್ತು. ಹಣೆಯ ಬಾಸಿಂಗ ರಾಜಕುಮಾರನ ಕಿರೀಟವಾಗಿತ್ತು. ಅಜ್ಜಿಗೆ ಮೂವತ್ತೆರಡೂ ಹಲ್ಲು ತೋರಿಸುವ ನಗು ಬಂದಿತ್ತು. ಜಂಬದಿಂದ ಟ್ಯಾಬಿನಲ್ಲಿ ದೊಡ್ಡದು ಮಾಡಿ ಅಜ್ಜಿಯ ಮುಂದೆ ಹಿಡಿದೆ. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಮಾಡಿದಳು.

"ಹುಡುಗಿ ಲಕ್ಷಣವಾಗಿದಾಳೆ. ಯಾರಿವಳು? ನಿಮ್ಮ ತಾತ ನಂಗೆ ಹೇಳದೆ ಇನ್ನೊಂದು ಮದುವೆ ಆಗಿದ್ರಾ?"

ಮರುದಿನ ನಾನು ಸಾಂತಾಕ್ರೂಜ್ ಸ್ಟೇಷನ್ ಬಳಿಯ ಇಮ್ತಿಯಾಜ್ ಭಾಯ್ ಸ್ಟುಡಿಯೋಗೆ ಹೋದೆ. ಇಮ್ತಿಯಾಜ್ ಭಾಯ್ ಬಾಗಲಕೋಟೆ ಕಡೆಯವರು. ನಮ್ಮ ಮನೆಯ ಎಲ್ಲ ಪಾಸ್‌ಪೋರ್ಟ್ ಫೋಟೊಗಳಲ್ಲಿ ನಾವೆಲ್ಲ ತಪ್ಪಿತಸ್ಥರ ಹಾಗೆ ಕಾಣಲು ಕಾರಣ ಅವರೇ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳೊಡನೆ ಹಿಂದಿ, ನನ್ನ ಜೊತೆ ಕನ್ನಡ. ಆ್ಯಪಿನ ಚಿತ್ರ ನೋಡಿ ಅವರು ಕಿವಿ ಮುಟ್ಟಿಕೊಂಡರು.

"ತೌಬಾ. ಸರ್, ಇದು ರಿಪೇರಿ ಅಲ್ರಿ. ಫೋಟೊದಾಗ ಕಾಣಲಾರದ್ದಕ್ಕ ಅದು ತನ್ನ ಮನಸಿಗೆ ಬಂದದ್ದು ತುಂಬತೈತಿ. ಅಜ್ಜಿಯವ್ರ ಮಾರಿ ಅದಕ್ಕೇನ್ ಗೊತ್ತ್ರಿ?"

ಆಮೇಲೆ ಭೂತಗನ್ನಡಿ ತೆಗೆದು ಮೂಲ ಫೋಟೊವನ್ನು ನೋಡಿದರು. ಅಂಚನ್ನು ಮಾತ್ರ ಹಿಡಿದಿದ್ದರು. ನೋಡುತ್ತಾ ಅವರ ದನಿಯೇ ಬದಲಾಯಿತು. ಇದು ಚಿಕ್ಕದಿರುವುದೇ ಅದೃಷ್ಟ ಎಂದರು. ಆಗಿನವರು ನೆಗೆಟಿವ್ ಅನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ಬಿಟ್ಟು ತೆಗೆದ ಪ್ರಿಂಟಿದು, ನೆಗೆಟಿವ್ ಎಷ್ಟೋ ಅಷ್ಟೇ ಫೋಟೊ. ದೊಡ್ಡದು ಮಾಡುವಾಗ ಕಳೆದುಹೋಗುವುದು ಇಲ್ಲಿ ಕಳೆದಿಲ್ಲ, ಎಲ್ಲ ಒಳಗೇ ಕೂತಿದೆ. ಮುಂಬಯಿಯ ತೇವ ಮಾತ್ರ ಇದನ್ನು ತಿಂದಿದೆ. ಹೀಗೆ ಹೇಳಿ ಅವರು ಫೋಟೊವನ್ನು ಟ್ಯೂಬ್‌ಲೈಟಿಗೆ ಓರೆ ಮಾಡಿದರು. ಕಪ್ಪು ಭಾಗಗಳ ಮೇಲೆ, ಅದರಲ್ಲೂ ಬಲ ಅಂಚಿನಲ್ಲಿ, ನೀಲಿ ಮಿಶ್ರಿತ ಬೆಳ್ಳಿ ಹೊಳಪು ಮಿಂಚಿತು. ಫೋಟೊ ಮೂಡಿರುವುದೇ ಬೆಳ್ಳಿಯ ಕಣಗಳಿಂದಲಂತೆ. ತೇವಕ್ಕೆ ಅವು ಮೇಲಕ್ಕೆ ಬಂದು ಹೀಗೆ ಕನ್ನಡಿ ಕಟ್ಟುತ್ತವಂತೆ.

"ಮೂರು ಮಾತು ನೆನಪಿಡ್ರಿ" ಎಂದರು. "ಸ್ಕ್ಯಾನ್ ಮಾಡಿದ್ದು ಹಂಗಽ ಇರಲಿ, ಕೈ ಹಚ್ಚಬ್ಯಾಡ್ರಿ, ಕೆಲಸ ಎಲ್ಲ ಅದರ ಮ್ಯಾಲೆ ಬ್ಯಾರೆ ಲೇಯರ್‌ದಾಗ, ಮ್ಯಾಲೊಂದು ಗಾಜಿನ ಹಾಳಿ ಹಾಸಿದಂಗ. ಅವಸರ ಬ್ಯಾಡ. ಮತ್ತ ಯಾವುದನ್ನಾದ್ರೂ ಕಲೆ ಅಂತ ಒರಸೂ ಮೊದಲ ಅಸಲಿ ಫೋಟೊ ತಗೊಂಡು ಬೆಳಕಿನ್ಯಾಗ ಓರೆ ಮಾಡಿ ನೋಡ್ರಿ. ಓರೆ ಮಾಡಿದ್ರ ಹೋಗೂದು ಹೊಳಪು. ಹೋಗಲಾರದ್ದು ಫೋಟೊ."

ಮೊದಲ ಎರಡು ಮಾತು ನಾನು ಬರೆದುಕೊಂಡೆ. ಮೂರನೆಯದನ್ನು ಬರೆದುಕೊಳ್ಳಲಿಲ್ಲ. ಮನೆಯಲ್ಲಿ ದಿನಾ ನೋಡುವ ವಿದ್ಯೆಯನ್ನು ಹೊರಗೆ ಬರೆದುಕೊಳ್ಳುವುದೇಕೆ ಅನ್ನಿಸಿತು.

ಅವರು ಬಹಳ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರು. ಬೆಂಕಿಪೊಟ್ಟಣ ನನ್ನ ಕಂಪ್ಯೂಟರಿನ ಪರದೆಯಲ್ಲಿ ಒಂದು ಛತ್ರವೇ ಆಯಿತು. ನಾನು ಆಫೀಸು ಮುಗಿಸಿ ಬಂದು, ಕಾಫಿ ಕುಡಿದು, ದಿನಾ ಒಂದು ಗಂಟೆ ಆ ಮದುವೆಗೆ ಹೋಗಿಬರತೊಡಗಿದೆ.

ಮೊದಲು ಕಲೆಗಳು. ಫೋಟೊದ ನಡುವೆ ಒಂದು ಹಳದಿ ಹೆಬ್ಬೆಟ್ಟಿನ ಗುರುತಿತ್ತು. ಅರಿಶಿನದ ಕೈ ಯಾರದೋ. ಇದನ್ನು ತೆಗೆಯುವುದು ಎಷ್ಟು ಸುಲಭ ಎಂದು ತಿಳಿದಾಗ ನನಗೆ ಅವಮಾನವೇ ಆಯಿತು. ಬಣ್ಣದ ಸ್ಕ್ಯಾನ್ ಎಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳು ಒಂದರ ಮೇಲೊಂದು ಕೂತದ್ದು. ಮೂರನ್ನೂ ಬಿಡಿಬಿಡಿಯಾಗಿ ನೋಡಬಹುದು. ಹಳದಿ ಕಲೆ ನೀಲಿಯದರಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪಿನದರಲ್ಲಿ ಕಾಣುವುದೇ ಇಲ್ಲ. ಕೆಂಪನ್ನು ಮಾತ್ರ ಇಟ್ಟುಕೊಂಡೆ. ಅರಿಶಿನವೂ ಹೋಯಿತು, ಕಾಗದದ ಹಳದಿಯೂ ಹೋಯಿತು.

ಆಮೇಲೆ ಬೆಳಕು. ಮಾಸಿದ ಫೋಟೊದಲ್ಲಿ ಪೂರ್ತಿ ಕಪ್ಪೂ ಇರುವುದಿಲ್ಲ, ಪೂರ್ತಿ ಬಿಳುಪೂ ಇರುವುದಿಲ್ಲ. ಒಳಗೆ ಜಾಗವಿದ್ದರೂ ಬಾಗಿಲ ಬಳಿಯೇ ಒತ್ತಿ ನಿಲ್ಲುವ ಲೋಕಲ್ ರೈಲಿನ ಪ್ರಯಾಣಿಕರ ಹಾಗೆ ಎಲ್ಲವೂ ನಡುವಿನ ಬೂದಿಬಣ್ಣದಲ್ಲೇ ಗುಂಪುಕಟ್ಟಿರುತ್ತವೆ. ಅವನ್ನು ಎರಡೂ ಕಡೆಗೆ ಸರಿಸಬೇಕು. ಕಪ್ಪಿನ ತುದಿಯನ್ನು ಕಪ್ಪಿಗೆ, ಬಿಳಿಯ ತುದಿಯನ್ನು ಬಿಳುಪಿಗೆ ಮೆಲ್ಲಗೆ ಎಳೆದಾಗ ತಾತನ ಪಂಚೆಯಲ್ಲಿ ನೆರಿಗೆ ಬಂತು, ಅಜ್ಜಿಯ ಸೀರೆಯಲ್ಲಿ ಅಂಚು ಬಂತು. ಕೊನೆಗೆ ಗೀರುಗಳು. ಗೀರಿನ ಪಕ್ಕದ ಒಳ್ಳೆಯ ಚೂರನ್ನು ಎರವಲು ತಂದು ಗೀರಿನ ಮೇಲೆ ಹಾಕುವುದು, ಹರಿದ ಬಟ್ಟೆಗೆ ಅದೇ ಬಟ್ಟೆಯ ತೇಪೆ ಹಾಕಿದ ಹಾಗೆ. ಇದಕ್ಕೆ ಬೇಕಾದ್ದು ತಾಳ್ಮೆಯೊಂದೇ. ನನಗಿಲ್ಲದ್ದೂ ಅದೊಂದೇ.

ಆಗ ಶುರುವಾದವು ನೋಡಿ, ನಾನು ಈ ಜನ್ಮದಲ್ಲಿ ಕಾಣದ ಸಂಗತಿಗಳು. ತಾತನ ಕಾಲ ಕೆಳಗೆ ಒಂದು ಕಪ್ಪು ಪಟ್ಟಿ. ದೊಡ್ಡದು ಮಾಡಿದರೆ, ಮಣೆ! ತಾತ ಮಣೆಯ ಮೇಲೆ ನಿಂತಿದ್ದಾರೆ, ಅಜ್ಜಿ ಬರಿಯ ನೆಲದ ಮೇಲೆ. ಆದರೂ ತಾತ ಎರಡೇ ಬೆರಳು ಎತ್ತರ.

"ಅಜ್ಜಿ, ತಾತ ಆಳೆತ್ತರ ಇದ್ರು ಅಂತಿದ್ದೆಯಲ್ಲ. ಯಾವ ಆಳಿನೆತ್ತರ?"

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಕಂಡುಬಿಡ್ತಾ ಅದು? ಫೋಟೊ ತೆಗೆಯೋವ್ರು ಅವರ ಸೋದರಮಾವ. ಹುಡುಗಿ ಎತ್ತರ ಕಾಣ್ತಾಳೆ, ಚೆನ್ನಾಗಿರಲ್ಲ ಅಂತ ಹಸೆಮಣೇನೇ ಎಳೆದು ತಂದು ನಿಲ್ಸಿದ್ರು. ಆಮೇಲೆ ನಾನೇ ಸ್ವಲ್ಪ ಬಗ್ಗಿ ನಡೆಯೋದು ಕಲಿತೆ. ಈಗ ಬೆನ್ನೇ ಬಗ್ಗಿದೆ, ಕಲಿಯೋ ಶ್ರಮ ಇಲ್ಲ."

ತಾತನ ಬಲಗೆನ್ನೆಯಲ್ಲಿ ಒಂದು ಉಬ್ಬಿತ್ತು. ಕಾಗದ ಉಬ್ಬಿದೆಯೆಂದು ಅದನ್ನು ಸಪಾಟು ಮಾಡಲು ಹೊರಟಿದ್ದೆ. ಅಜ್ಜಿ ತಡೆದಳು. "ಅದು ಹಲ್ಲುನೋವು ಕಣೋ. ಮದುವೆ ದಿನ ಬಾಯಲ್ಲಿ ಲವಂಗ ಒತ್ತಿ ಹಿಡ್ಕೊಂಡಿದ್ರು. ನಾನೋ, ಮುಖ ಗಂಟಿಕ್ಕಿದಾರೆ, ನನ್ನ ಕಂಡ್ರೆ ಇಷ್ಟ ಇಲ್ಲ ಅಂತ ಮೂರು ದಿನ ಅತ್ತೆ. ನಾಲ್ಕನೇ ದಿನ ಹಲ್ಲು ಕೀಳಿಸ್ಕೊಂಡು ಬಂದು ನಕ್ಕರು." ಐವತ್ತು ವರ್ಷಕ್ಕೂ ಮಿಕ್ಕಿದ ಸಂಸಾರ ಒಂದು ಹಲ್ಲಿನ ಮೇಲೆ ನಿಂತಿತ್ತೆಂದು ನನಗೆ ಆವತ್ತು ತಿಳಿಯಿತು. ಉಬ್ಬನ್ನು ಹಾಗೇ ಬಿಟ್ಟೆ.

ಇನ್ನೊಂದು ಸಂಗತಿ. ತಾತ ಕ್ಯಾಮೆರಾ ನೋಡುತ್ತಿದ್ದಾರೆ, ಅಜ್ಜಿ ನೋಡುತ್ತಿಲ್ಲ. ತಲೆ ತಗ್ಗಿಸಿದ್ದರೂ ಕಣ್ಣು ಬಲಕ್ಕೆ ಹೊರಳಿದೆ. "ಎಲ್ಲಿ ನೋಡ್ತಿದೀಯ ಅಜ್ಜಿ? ಊಟದೆಲೆ ಹಾಕ್ತಿದ್ರಾ ಆ ಕಡೆ?" ಎಂದೆ. ಅಜ್ಜಿ ಅವರೆಕಾಯಿ ಸುಲಿಯತೊಡಗಿದಳು. ಕಿವಿ ಮಂದವಾಗಿದೆ ಎಂದುಕೊಂಡೆ.

ಬಲ ಅಂಚಿನಲ್ಲಿ ಮನೆಯ ಗೋಡೆಯೊಂದು ಮುಂದಕ್ಕೆ ಚಾಚಿತ್ತು, ಅದರಲ್ಲೊಂದು ಕಪ್ಪು ಕಿಟಕಿ. ಇಮ್ತಿಯಾಜ್ ಭಾಯ್ ತೋರಿಸಿದ ಬೆಳ್ಳಿ ಹೊಳಪು ಅಲ್ಲೇ ಹೆಚ್ಚು. ಸ್ಕ್ಯಾನಿನಲ್ಲಿ ಅದು ಮಂಜಿನ ಹಾಗೆ ಬೆಳ್ಳಗೆ ಬಂದಿತ್ತು. ಮಂಜಿನ ನಡುವೆ ಇನ್ನೂ ತುಸು ಬಿಳಿಯ ಒಂದು ಚುಕ್ಕೆ, ಅದರ ಕೆಳಗೆ ನಾಲ್ಕು ಗೀರು. ಅದು ಶುಕ್ರವಾರ. ಶನಿವಾರ ಪ್ರಿಂಟ್ ಹಾಕಿಸುವುದಾಗಿ ಅಜ್ಜಿಗೆ ಮಾತು ಕೊಟ್ಟಿದ್ದೆ. ಅಸಲಿ ಫೋಟೊ ಅವಳ ಡಬ್ಬಿಯಲ್ಲಿ, ಡಬ್ಬಿ ಅವಳ ದಿಂಬಿನ ಬಳಿ, ಅವಳು ನಿದ್ದೆಯಲ್ಲಿ. ಯಾರು ಎಬ್ಬಿಸುತ್ತಾರೆ ಎಂದು ಪಕ್ಕದ ಕಪ್ಪನ್ನು ಎರವಲು ತಂದು ಮಂಜು, ಚುಕ್ಕೆ, ಗೀರು ಎಲ್ಲದರ ಮೇಲೂ ಹಚ್ಚಿದೆ. ಕಿಟಕಿ ಕಾಡಿಗೆಯಂತೆ ಕಪ್ಪಾಯಿತು. ನನ್ನ ಕೆಲಸ ನನಗೇ ಬಹಳ ಇಷ್ಟವಾಯಿತು.

ಶನಿವಾರ ಸಂಜೆ ಒಂದು ಮೊಳದ ಪ್ರಿಂಟನ್ನು ಊಟದ ಮೇಜಿನ ಮೇಲೆ ಹಾಸಿದೆ. ಅಜ್ಜಿ ಕನ್ನಡಕ ಹುಡುಕಿಕೊಂಡು ಬಂದಳು. ಅವಳ ಕಣ್ಣಿನ ನಡುಭಾಗ ಮಸುಕಲ್ಲವೆ, ಮುಖ ಓರೆ ಮಾಡಿ ಕಣ್ಣಂಚಿನಿಂದ ನೋಡಿದಳು. ತಾತನ ಕೆನ್ನೆ ಮುಟ್ಟಿದಳು. ಮಣೆ ನೋಡಿ ನಕ್ಕಳು. ಆಮೇಲೆ ಅವಳ ಬೆರಳು ತಾನಾಗಿ ಬಲಕ್ಕೆ ಸರಿದು ಕಿಟಕಿಯ ಮೇಲೆ ನಿಂತಿತು. ಅಲ್ಲಿ ಸವರಿತು. ಮತ್ತೆ ಸವರಿತು.

"ಕಿಟಕಿ ಖಾಲಿ ಇದೆಯಲ್ಲೋ."

"ಅಲ್ಲಿ ಬೂಷ್ಟು ಹಿಡಿದ ಹಾಗಿತ್ತು ಅಜ್ಜಿ, ಕ್ಲೀನ್ ಮಾಡಿದೆ."

ಅಜ್ಜಿ ಕುರ್ಚಿ ಎಳೆದು ಕೂತಳು. "ನಮ್ಮಮ್ಮ ಇದ್ದಳು ಅಲ್ಲಿ."

ಅವಳ ಅಮ್ಮ ಎಂದರೆ ನನ್ನ ಮುತ್ತಜ್ಜಿ. ಅಜ್ಜಿಗೆ ಏಳು ವರ್ಷವಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಎಂಬುದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಅಜ್ಜಿ ಆವತ್ತು ಹೇಳಿದಳು. ವಿಧವೆ ಮಂಟಪದ ಹತ್ತಿರ ಸುಳಿಯಬಾರದು. ಧಾರೆ ಎರೆದದ್ದು ಚಿಕ್ಕಪ್ಪ ಚಿಕ್ಕಮ್ಮ. ಅಮ್ಮ ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದಳು. ಫೋಟೊ ತೆಗೆಯುವ ಹೊತ್ತಿಗೆ ಮಾತ್ರ ಸೆರಗು ಹೊದ್ದು ಕಿಟಕಿಗೆ ಬಂದು ಸರಳು ಹಿಡಿದು ನಿಂತಳು. ಫೋಟೊ ಬಂದಾಗ ಸಾಸಿವೆ ಕಾಳಿನಷ್ಟು ಮುಖ. ಬೇರೆ ಯಾರೂ ಗಮನಿಸಲಿಲ್ಲ, ಅಜ್ಜಿ ಹೇಳಲೂ ಇಲ್ಲ. ಹೇಳಿದ್ದರೆ ಅತ್ತೆ ಅಪಶಕುನ ಎಂದು ಆ ಕಡೆಯನ್ನು ಕತ್ತರಿಸಿಬಿಡುತ್ತಿದ್ದರಂತೆ. ಮುತ್ತಜ್ಜಿಯದು ಬೇರೆ ಫೋಟೊವೇ ಇಲ್ಲ.

"ಹೊಳಪು ಜಾಸ್ತಿ ಆಗ್ತಾ ಆಗ್ತಾ ಅವಳು ಕಾಣ್ತಿರಲಿಲ್ಲ. ಓರೆ ಮಾಡಿದ್ರೆ ಕಾಣ್ತಿದ್ಲು. ಈಗ ಕಣ್ಣೇ ಸಾಲ್ದು, ದೊಡ್ಡದು ಮಾಡ್ಸಿದ್ರೆ ಕಾಣ್ತಾಳೆ ಅಂತ ಆಸೆ ಇತ್ತು" ಎಂದಳು. ನನ್ನ ಮುಖ ನೋಡಿ, "ಇರ್ಲಿ ಬಿಡು, ನಿಂಗೇನು ಗೊತ್ತು" ಎಂದೂ ಸೇರಿಸಿದಳು. ಅವಳು ಬೈದಿದ್ದರೆ ವಾಸಿಯಿತ್ತು. ನಾನು ಅಳಿಸಿದ ನಾಲ್ಕು ಗೀರು ಮುತ್ತಜ್ಜಿಯ ಬೆರಳುಗಳೆಂದು ನನಗೆ ಆಗ ಹೊಳೆಯಿತು.

ಅಜ್ಜಿಯ ಡಬ್ಬಿಯಿಂದ ಅಸಲಿ ಫೋಟೊ ತೆಗೆದು ಬಾಲ್ಕನಿಗೆ ಹೋದೆ. ಜೀವಮಾನವೆಲ್ಲ ನಾನು ಯಾವುದನ್ನು ಅಣಕಿಸುತ್ತಿದ್ದೆನೋ ಅದನ್ನೇ ಮಾಡಿದೆ. ಎಡಕ್ಕೆ ಓರೆ ಮಾಡಿದೆ, ಬೆಳ್ಳಿ ಮಿಂಚಿ ಎಲ್ಲ ಮುಚ್ಚಿತು. ಬಲಕ್ಕೆ ಓರೆ ಮಾಡಿದೆ, ಹೊಳಪು ಜಾರಿ ಹೋಯಿತು. ಚುಕ್ಕೆ ಹೋಗಲಿಲ್ಲ.

ಲೇಯರ್ ಬೇರೆ ಇದ್ದುದರಿಂದ ನನ್ನ ಕಪ್ಪನ್ನು ತೆಗೆಯುವುದು ಒಂದು ಕ್ಲಿಕ್ಕಿನ ಕೆಲಸ. ಆದರೆ ತೆಗೆದರೆ ಬಂದದ್ದು ಮತ್ತೆ ಆ ಮಂಜೇ. ಸ್ಕ್ಯಾನರಿನ ದೀಪ ಇರುವ ಕಡೆಯೇ ಇರುತ್ತದೆ, ಅದಕ್ಕೆ ಓರೆ ಮಾಡಲು ಬರುವುದಿಲ್ಲ. ಭಾನುವಾರ ಇಮ್ತಿಯಾಜ್ ಭಾಯ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು, "ಮೂರನೇ ಮಾತು ಬರ್ಕೊಂಡಿರಲಿಲ್ಲ ನೀವು, ನಾ ನೋಡೇನಿ. ಅಸಲಿ ಫೋಟೊ ತಗೊಂಡು ಬರ್ರಿ" ಎಂದರು. ಅಜ್ಜಿ ತಾನೂ ಬರುತ್ತೇನೆಂದಳು. ಮಡಚಿಟ್ಟ ಒಳ್ಳೆಯ ಸೀರೆ ಉಟ್ಟಳು.

ಸ್ಟುಡಿಯೋದಲ್ಲಿ ಅಜ್ಜಿಯನ್ನು ಪಾಸ್‌ಪೋರ್ಟ್ ಫೋಟೊದ ಸ್ಟೂಲಿನ ಮೇಲೆ ಕೂರಿಸಿದರು. ಇಮ್ತಿಯಾಜ್ ಭಾಯ್ ಫೋಟೊವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಕ್ಯಾಮೆರಾವನ್ನು ನೆತ್ತಿಯಿಂದ ಕೆಳಕ್ಕೆ ನೋಡುವ ಹಾಗೆ ನಿಲ್ಲಿಸಿದರು. ಎಡಬಲದಲ್ಲಿ ಓರೆಯಾಗಿ ಎರಡು ದೀಪ. ದೀಪಗಳ ಮುಂದೆ ಬೂದುಬಣ್ಣದ ಪೋಲರೈಸರ್ ಹಾಳೆ ಕಟ್ಟಿದರು, ಲೆನ್ಸಿಗೆ ಅದೇ ಜಾತಿಯ ತಿರುಗುವ ಗಾಜು ಹಾಕಿದರು.

"ಹಾಳಿ ಬೆಳಕನ್ನ ಒಂದಽ ದಿಕ್ಕಿನ್ಯಾಗ ಕುಣಿಯೂ ಹಂಗ ಮಾಡತೈತಿ. ಬೆಳ್ಳಿ ಮ್ಯಾಲಿಂದ ಪುಟಿದು ಬಂದ ಬೆಳಕು ಆ ದಿಕ್ಕು ಬಿಡೂದಿಲ್ಲ. ಈ ಗಾಜು ಅಡ್ಡ ತಿರುವಿದ್ರ ಅದಕ್ಕ ಒಳಗ ಎಂಟ್ರಿ ಇಲ್ಲ. ಕಾಗದದಿಂದ ಬರೂ ಬೆಳಕು ದಿಕ್ಕು ಕಲಸಿಕೊಂಡು ಬರತೈತಿ, ಅದಕ್ಕ ಐತಿ. ಅಮ್ಮಾ, ನೀವು ಕೈಲೆ ಓರೆ ಮಾಡತಿದ್ರಿ, ನಾವು ಗಾಜಲೆ ಮಾಡತೀವಿ, ಅಷ್ಟಽ."

"ನನ್ನ ವಿದ್ಯೇನೇ ಹಂಗಾದ್ರೆ" ಎಂದಳು ಅಜ್ಜಿ.

ಕ್ಯಾಮೆರಾದ ನೋಟ ಪಕ್ಕದ ದೊಡ್ಡ ಪರದೆಯಲ್ಲಿ ಬರುತ್ತಿತ್ತು. ಕಿಟಕಿಯ ಭಾಗವನ್ನೇ ಹಿಗ್ಗಿಸಿ ಇಟ್ಟರು. ಬರೀ ಮಂಜು. ಅವರು ಗಾಜನ್ನು ಕೂದಲೆಳೆಯಷ್ಟು ತಿರುಗಿಸಿದರು. ಇನ್ನಷ್ಟು. ಮಂಜು ಅಂಚಿನಿಂದ ತೆಳುವಾಗುತ್ತಾ ಬಂದು ಕಿಟಕಿಯ ಕಪ್ಪು ಆಳವಾಯಿತು. ಕಪ್ಪಿನೊಳಗೆ ಸೆರಗಿನ ಕಮಾನು ಕಂಡಿತು. ಸೆರಗಿನೊಳಗೆ ಒಂದು ಮುಖ, ಕಣ್ಣಿನ ಜಾಗದಲ್ಲಿ ಎರಡು ನೆರಳು, ಬಾಯಿ ಬಿಗಿ ಹಿಡಿದದ್ದೋ ನಗು ತಡೆದದ್ದೋ ಹೇಳಲಾಗದ ಒಂದು ಗೆರೆ. ಕೆಳಗೆ ಸರಳಿನ ಸುತ್ತ ನಾಲ್ಕು ಬೆರಳು.

ಅಜ್ಜಿ ಸ್ಟೂಲಿನಿಂದ ಇಳಿದು ಪರದೆಯ ಹತ್ತಿರ ಹೋದಳು. ಮೂಗು ತಾಕುವಷ್ಟು ಹತ್ತಿರ. ಮುಖವನ್ನು ಒಮ್ಮೆ ಎಡಕ್ಕೆ ಓರೆ ಮಾಡಿದಳು, ಒಮ್ಮೆ ಬಲಕ್ಕೆ. ಇಮ್ತಿಯಾಜ್ ಭಾಯ್ ಶಟರ್ ಒತ್ತುವುದನ್ನು ಮರೆತು ನಿಂತರು.

"ಅಮ್ಮ, ಇವನು ನನ್ನ ಮೊಮ್ಮಗ" ಎಂದಳು ಅಜ್ಜಿ ಪರದೆಗೆ. "ನಿನ್ನ ಒರೆಸಿ ಹಾಕಿದವನು ಇವನೇ. ಬಯ್ಯಬೇಡ, ಅವನೇ ಕರ್ಕೊಂಡೂ ಬಂದಿದಾನೆ."

ನಾನು ಆಚೆ ತಿರುಗಿ ಗೋಡೆಯ ಮೇಲಿನ ಪಾಸ್‌ಪೋರ್ಟ್ ಫೋಟೊಗಳನ್ನು ಗಮನವಿಟ್ಟು ನೋಡಿದೆ.

ಈ ಸಲದ ಪ್ರಿಂಟಿನಲ್ಲಿ ನಾನು ಗೀರುಗಳನ್ನಷ್ಟೇ ಮುಚ್ಚಿದೆ. ಅದೂ ಪ್ರತಿಯೊಂದಕ್ಕೂ ಅಸಲಿಯನ್ನು ಓರೆ ಮಾಡಿ ನೋಡಿ, ಅಜ್ಜಿಯನ್ನು ಕೇಳಿ. ಎದುರು ಬಿಲ್ಡಿಂಗಿನವರು ಈಗ ನಮ್ಮ ಮನೆಯಲ್ಲಿ ಇಬ್ಬರು ಸನ್ನೆ ಮಾಡುತ್ತಾರೆ ಎಂದು ತಿಳಿದಿರಬೇಕು. ಕಟ್ಟು ಹಾಕಿಸಿದ ಫೋಟೊವನ್ನು ಎಲ್ಲಿ ತೂಗುಹಾಕುವುದೆಂದು ಕೇಳಿದಾಗ ಅಜ್ಜಿ, ಬಾಗಿಲಿಗೆ ಎದುರು, ಬಂದವರಿಗೆ ಮೊದಲು ಕಾಣುವ ಗೋಡೆ ತೋರಿಸಿದಳು.

ಮೊಳೆ ಹೊಡೆದ ದಿನ ಅವಳು ಸ್ನಾನ ಮಾಡಿ, ದೇವರ ಮುಂದಿನ ಕುಂಕುಮದ ಭರಣಿ ಹಿಡಿದು ಬಂದಳು. ತಾತನಿಗೆ ಇಡುತ್ತಾಳೆಂದುಕೊಂಡೆ. ಅವಳು ತಾತನನ್ನು ದಾಟಿ ಕಿಟಕಿಯ ಕಡೆ ಕೈ ಚಾಚಿದಳು. ಸಾಸಿವೆಯ ಮುಖ ಈಗ ಕಡಲೆಕಾಳಿನಷ್ಟಾಗಿದೆ, ಅಷ್ಟೇ. ಬೆರಳಿನಿಂದ ಇಟ್ಟರೆ ಮುತ್ತಜ್ಜಿ ಪೂರ್ತಿ ಮುಚ್ಚಿಹೋಗುತ್ತಾರೆ.

"ಇನ್ನೊಂದ್ಸಲ ಒರೆಸೋದು ಬೇಡ ಅಜ್ಜಿ" ಎಂದೆ. ಊದುಬತ್ತಿಯ ಒಂದು ಕಡ್ಡಿ ಮುರಿದು ತಂದು ಕೊಟ್ಟೆ. ಅಜ್ಜಿ ಕಡ್ಡಿಯ ತುದಿಯನ್ನು ಒದ್ದೆ ಮಾಡಿ ಕುಂಕುಮದಲ್ಲಿ ಅದ್ದಿದಳು. ಅವಳಿಗೆ ಹಣೆ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ.

"ಎಲ್ಲೋ?"

ನಾನು ಅವಳ ಕೈ ಹಿಡಿದುಕೊಂಡೆ. "ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ ಮೇಲೆ. ಹಾಂ, ಅಲ್ಲೇ. ಇಡು."